ಸೋಮವ್ವನ ಸಿಟ್ಟಿಗೆ ಸಮಿತಿಯ ಉತ್ತರ

ನವೆಂಬರ್ ೩, ಸೋಮವಾರ

ಸರಕಾರ ಕೊಡುತ್ತೇವೆ ಅಂದದ್ದು: ಹಿನ್ನೀರಿನಲ್ಲಿ ಊರು ಮುಳುಗಿಸಿಕೊಂಡು ಬಂದವರ ಪುನರ್ವಸತಿ ಕೇಂದ್ರಕ್ಕೆ ದಿನಾ ಕುಡಿಯುವ ನೀರು. ಡಾಕ್ಟರು ಇರುವ ದವಾಖಾನೆ. ಬೆಳಿಗ್ಗೆ ಸಂಜೆ ಬಸ್ಸು. ಸತ್ತವರನ್ನು ಹೂಳಲು ಜಾಗ.

ಕೊಟ್ಟದ್ದು: ದವಾಖಾನೆಗೆ ಗೋಡೆ. ಗೋಡೆಗೆ ಬಣ್ಣ. ಬಣ್ಣದ ಮೇಲೆ ಉದ್ಘಾಟನೆ ಮಾಡಿದವರ ಹೆಸರು.

ಕೊಡದೇ ಇದ್ದದ್ದು: ಉಳಿದದ್ದೆಲ್ಲ.

ಇದಕ್ಕಾಗಿಯೇ ಬೀಳಗಿಯಲ್ಲಿ ಟೆಂಟು ಹಾಕಿ ಧರಣಿ ಕೂತಿದ್ದೆವು. ಆ ಟೆಂಟಿನಲ್ಲಿಯೇ ಹೋದ ತಿಂಗಳು ನಮ್ಮ ಹೋರಾಟ ಸಮಿತಿಯ ಅಧ್ಯಕ್ಷ ಗಿರಮಲ್ಲಪ್ಪಣ್ಣ ಎದೆ ಹಿಡಿದುಕೊಂಡು ಕುಸಿದ. ಡಾಕ್ಟರು ಇರುವ ದವಾಖಾನೆ ತಲುಪುವ ಹೊತ್ತಿಗೆ ಮುಗಿದಿತ್ತು. ದವಾಖಾನೆ ಕೇಳುತ್ತಾ ಕೂತವನು ದವಾಖಾನೆ ಇಲ್ಲದೆ ಸತ್ತ. ಇದಕ್ಕಿಂತ ದೊಡ್ಡ ಭಾಷಣ ಬೇಕೆ? ನಮಗೆ ಬೇಕಾಗಿದೆ. ಇವತ್ತಿನ ಸಭೆಯಲ್ಲಿ ಠರಾವು ಆಯಿತು: ನವೆಂಬರ್ ಮೂವತ್ತರ ಭಾನುವಾರ ಮೈದಾನದಲ್ಲಿ ನುಡಿನಮನ. ಅಣ್ಣನ ಹೆಂಡತಿ ಸೋಮವ್ವ ಮೈಕಿನ ಮುಂದೆ ಎರಡು ಮಾತು ಆಡಬೇಕು. ಆಕೆಯನ್ನು 'ತಯಾರು ಮಾಡುವ' ಕೆಲಸ ಮಹಿಳಾ ಘಟಕಕ್ಕೆ. ಮಹಿಳಾ ಘಟಕ ಅಂದರೆ ನಾನು, ಬೀಳಗಿ ಪೇಟೆಯ ನನ್ನ ಹೊಲಿಗೆ ಅಂಗಡಿ, ಮತ್ತು ಸಭೆಗೆ ಬಾರದ ಐದಾರು ಹೆಸರು.

ಉಪಾಧ್ಯಕ್ಷ ಅಣ್ಣಾಸಾಹೇಬ ಲೋಕಾಪುರದಿಂದ ಗಾಡಿ ಮಾಡಿಕೊಂಡು ಬಂದಿದ್ದ. "ಮಾಯಕ್ಕಾ, ಅಳಾಕ ಬಿಡಬ್ಯಾಡ್ರಿ. ಅತ್ತರ ಹೋರಾಟ ಸೊರಗತೈತಿ. ಗಟ್ಟಿಮುಟ್ಟ ಮಾತಾಡಬೇಕು," ಅಂದ. ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಅದರ ಮೇಲೆ ತನ್ನ ಹೆಗಲ ಟವೆಲು ಹಾಕಿದ್ದ. ಒಣಗಲಿ ಅಂತ ಇರಬೇಕು.

ಮಧ್ಯಾಹ್ನ ಪುನರ್ವಸತಿ ಕೇಂದ್ರಕ್ಕೆ, ಸೋಮವ್ವಕ್ಕನ ಮನೆಗೆ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಕೂಡುವ ಮೊದಲೇ ಅಂದಳು:

"ಸತ್ತು ಪಾರಾದ ನೋಡಬೇ. ನನ್ನ ಕೈಯಾಗಿಂದ ಜಾರಿ ಹ್ವಾದ."

ನಾನು ಮೂವತ್ತು ವರ್ಷದ ಭಾಷಣಗಾರ್ತಿ. ಉತ್ತರ ನಾಲಿಗೆಯ ತುದಿಯಲ್ಲಿಯೇ ಇತ್ತು. "ಅಕ್ಕಾ, ಅಣ್ಣ ಸತ್ತಿಲ್ಲ. ಮುಳುಗಡಿ ಆದ ಒಂದೊಂದ ಮನ್ಯಾಗೂ ಅದಾನ. ಅಂಥಾ ಮನಶ್ಯಾನ ಹೆಂಡತಿ ನೀನು, ಹೆಮ್ಮೆ ಪಡಬೇಕು."

ಸೋಮವ್ವ ನನ್ನ ಮುಖ ನೋಡಿದಳು. "ಹಂಗಾರ ಅವರ ಮನ್ಯಾಗ ಹೋಗಿ ಕೇಳತೇನಿ, ಎಲ್ಲಿ ಮಲಗ್ಯಾನಂತ," ಅಂದಳು. ಎದ್ದು ಒಳಗೆ ಹೋಗಿ ಒಲೆ ಊದಿದಳು. ಗ್ಯಾಸು ಇದೆ ಆ ಮನೆಯಲ್ಲಿ. ಆದರೂ ಊದಿದಳು.

ದುಃಖದಲ್ಲಿ ಇದ್ದಾಳೆ. ಹೋರಾಟದ ಅರಿವು ಕಡಿಮೆ. ಮತ್ತೆ ಹೋಗಿ ತಿಳಿಸಿ ಹೇಳಬೇಕು.

ನವೆಂಬರ್ ೭, ಶುಕ್ರವಾರ

ಇವತ್ತು ಬೇರೆ ದಾರಿ ಹಿಡಿದೆ. ಹೊಗಳಿದರೆ ಎದ್ದು ಹೋಗುತ್ತಾಳೆ, ಸರಿ, ಆಕೆಯ ಪಕ್ಷವನ್ನೇ ವಹಿಸೋಣ ಅಂತ.

ಸೋಮವ್ವ ತೊಗರಿ ಹಸನು ಮಾಡುತ್ತಾ ಹೇಳಿದಳು, ಸರಕಾರದ ಪಟ್ಟಿಯಂತೆ ಒಂದೊಂದಾಗಿ: "ಎದಿ ತೋರಸ್ಕೊಂಡ ಬರತೇನಿ ಅಂದಿದ್ದ. ತೋರಸಲಿಲ್ಲ. ಡಾಕ್ಟರ ಚೀಟಿ ಬರದಕೊಟ್ಟು ಆರ ತಿಂಗಳಾತು, ಧರಣಿ ಮುಗೀಲಿ ಅಂದ. ಧರಣಿ ಮುಗೀಲಿಲ್ಲ, ಇವ ಮುಗದ. ಬನಹಟ್ಟಿಗೆ ಕರಕೊಂಡ ಹೋಗಿ ನಿನ್ನ ಕೈಲೇ ಸೀರಿ ಆರಸ್ಕೊ ಅಂತೇನಿ ಅಂದಿದ್ದ. ಒಬ್ಬನ ಹೋಗಿ ಬ್ಯಾನರಿನ ಬಟ್ಟಿ ತಂದ. ಮುದುಕ ಆದಮ್ಯಾಲ ಮನ್ಯಾಗ ಕುಂದರತೇನಿ ಅಂದಿದ್ದ. ಮುದುಕ ಆಗಲೇ ಇಲ್ಲ."

ನಾನು ಮೈ ಕೊಡವಿದೆ. ಹೆಣ್ಣಿನ ದುಡಿಮೆ, ಗಂಡಾಳಿಕೆ, ಚಳವಳಿಯೊಳಗಿನ ಗಂಡಸುತನ, ಎಲ್ಲ ವಿಷಯವೂ ನನಗೆ ಗೊತ್ತು. "ಖರೆ ಅಕ್ಕಾ. ಅಣ್ಣ ಆ ವಿಷಯದಾಗ ಸ್ವಾರ್ಥಿನ. ಮನಿ ಅಂದರ ಛತ್ರ ಅಂತ ತಿಳ್ಕೊಂಡಿದ್ದ. ನಿನಗ ಒಂದ ದಿನಾ ಮನಶ್ಯಾಳಂಗ ನೋಡಲಿಲ್ಲ."

ತೊಗರಿಯ ಮೊರ ಕೆಳಗೆ ಬಿತ್ತು.

"ಏಯ್! ನನ್ನ ಗಂಡಗ ನಾ ಬೈತೇನಿ. ನೀ ಯಾವಾಕಿ ಬೈಯಾಕಿ? ನನಗ ಜ್ವರಾ ಬಂದಾಗ ರಾತ್ರಿಯೆಲ್ಲಾ ಕುಂತ ತಲಿ ಒತ್ತಿದಾಂವ ಅಂವ. ನಿಮಗ ಅಂವ ಮೈಕಿನ್ಯಾಗ ಅಷ್ಟ ಗೊತ್ತ. ಎದ್ದ ನಡಿ."

ಎದ್ದು ನಡೆದೆ. ಹೊಗಳಿದರೂ ತಪ್ಪು, ತೆಗಳಿದರೂ ತಪ್ಪು. ಈ ಹೆಂಗಸಿಗೆ ಬೇಕಾದದ್ದಾದರೂ ಏನು? ಬೇಡಿಕೆಗಳನ್ನು ಬರೆದು ಕೊಟ್ಟರೆ ಈಡೇರಿಸಬಹುದು.

ನವೆಂಬರ್ ೧೧, ಮಂಗಳವಾರ

ಮತ್ತೆ ಹೋಗಿದ್ದೆ. ನಾನು ಬಾಗಿಲ ಹತ್ತಿರ, ಆಕೆ ಒಳಗೆ. ನಡುವೆ ಸಮಾಧಾನ ಹೇಳಲು ಬಂದವರ ಸರದಿ.

ನೆರೆಮನೆಯ ಅನಸವ್ವ: "ದೇವರ ಒಳ್ಳೇರನ್ನ ಲಗೂ ಕರೀತಾನ."

ಅದಕ್ಕೆ ಸೋಮವ್ವ: "ಹಂಗಾರ ನೀ ನೂರ ವರ್ಸ ಇರತಿ ಬಿಡ."

ಅಣ್ಣಾಸಾಹೇಬ: "ಕಣ್ಣೀರ ಸರಕಾರಕ್ಕ ತೋರಸಬಾರದು ಅಕ್ಕಾರ. ಅಣ್ಣನ ಆಸೆ ಏನಿತ್ತು ನಮಗ ಗೊತ್ತೈತಿ." ಅಣ್ಣನ ಆಸೆ ಏನಿತ್ತು ಅಂತ ಆಕೆಗೆ ಗೊತ್ತಿತ್ತೋ ಏನೋ, ಯಾರೂ ಕೇಳಲಿಲ್ಲ.

ಸಮಿತಿಯ ಖಜಾಂಚಿ ಈರಪ್ಪ ತನ್ನ ಅಪ್ಪ ಸತ್ತಾಗ ತಾನು ಎಷ್ಟು ಅತ್ತಿದ್ದೆ ಅಂತ ವಿವರಿಸಿದ. ಆ ಕಥೆ ನಡುವೆ ಒಮ್ಮೆ ಚಹಾ ಬಂತು, ಖಾಲಿ ಕಪ್ಪು ಒಳಗೆ ಹೋಯಿತು, ಕಥೆ ಮುಗಿಯಲಿಲ್ಲ. ಕೊನೆಗೆ ಸೋಮವ್ವನೇ ಅವನಿಗೆ ಸಮಾಧಾನ ಹೇಳಿ ಕಳಿಸಿದಳು.

 

ನವೆಂಬರ್ ೧೫, ಶನಿವಾರ

ಜಮಖಂಡಿಗೆ ಹೋಗಿ ಬಂದೆ. ಯಾವುದೋ ಸಂಸ್ಥೆಯವರ ಒಂದು ದಿನದ ತರಬೇತಿ: ಮನೆಯಲ್ಲಿ ಸಾವಾದವರ ಮಾತು ಕೇಳುವುದು ಹೇಗೆ. ಅಣ್ಣಾಸಾಹೇಬನೇ ಕಳಿಸಿದ, "ಅಕ್ಕಾರನ ಒಪ್ಪಸೂ ದಾರಿ ಏನರೆ ಕಲತ ಬರ್ರಿ" ಅಂತ. ಕೇಳುವುದಕ್ಕೂ ತರಬೇತಿ! ಕಿವಿ ಹುಟ್ಟಿನಿಂದ ಬಂದದ್ದಲ್ಲವೆ? ಮಧ್ಯಾಹ್ನ ಊಟಕ್ಕೆ ಜಿಲೇಬಿ ಇತ್ತು. ದುಃಖದ ತರಬೇತಿಗೆ ಜಿಲೇಬಿ.

ಕಲಿಸಿದಾಕೆ ಪ್ರಣೀತಾ, ಜಮಖಂಡಿಯವರೇ, ಆಪ್ತಸಮಾಲೋಚಕಿ. ತಾಯಿಯ ಜೊತೆ ಫೋನಿನಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಇಸ್ತ್ರಿ ಮಾಡಿದ ಕಾಟನ್ ಸೀರೆ. ನೋಡಿದ ಕೂಡಲೇ ಇವಳಿಗೆ ಟೆಂಟಿನ ಬಿಸಿಲು ಗೊತ್ತಿಲ್ಲ ಅಂತ ತೀರ್ಮಾನಿಸಿದೆ. ಸೋಮವ್ವನ ವಿಷಯ ಎತ್ತಿದೆ, ಹೆಸರು ಹೇಳದೆ.

"ಸತ್ತವರ ಮ್ಯಾಲ ಸಿಟ್ಟು ಬರೂದು ತಪ್ಪಲ್ಲ, ಪ್ರೀತಿ ಇಲ್ಲ ಅಂತನೂ ಅಲ್ಲ," ಅಂದರು. "ಎರಡೂ ಕೂಡೇ ಇರತಾವರಿ. ನೀವು ಸತ್ತವರ ವಕೀಲರಾದರ ಆ ಸಿಟ್ಟಿಗೆ ಹೋಗಲಿಕ್ಕೆ ಜಾಗಾನ ಇಲ್ಲ. ವಿರುದ್ಧ ವಕೀಲರಾದರ ಪ್ರೀತಿ ಎದ್ದು ನಿಮ್ಮ ಜೋಡಿ ಜಗಳಾಡತದ. ಕೋರ್ಟು ಬ್ಯಾಡ. ಬರೇ ಕೂಡ್ರಿ."

"ಕುಂತ ಏನ ಮಾಡೂದ್ರಿ?"

"ಅವರು ಏನಂದ್ರು, ಅದರಾಗ ಏನ ಅನಸಲಿಕತ್ತದ, ಅದನ್ನ ಸಣ್ಣ ಮಾತಿನ್ಯಾಗ ಹೊಳ್ಳಿ ಅವರ ಮುಂದ ಇಡ್ರಿ. ಹಿಂಗ ಅನಸ್ತದೇನು ಅಂತ. ತಪ್ಪಿದ್ರ ಅವರ ತಿದ್ದತಾರ, ತಿದ್ದಿಸಿಕೋರಿ. 'ಆದರ' ಅನಬ್ಯಾಡ್ರಿ. 'ಕಡೀಕೆ ಅಷ್ಟಾದರೂ' ಅನಬ್ಯಾಡ್ರಿ. 'ಯಾಕ' ಅಂತ ಕೇಳಿದ್ರ ಜಬಾಬು ಕೇಳಿದಂಗ ಆಗತದ. ಸುಮ್ಮನಾದ್ರ ನೀವೂ ಸುಮ್ಮನಿರ್ರಿ. ಆ ಸುಮ್ಮನ ಇರೂದು ಅವರದು, ನೀವು ತುಂಬಲಿಕ್ಕೆ ಹೋಗಬ್ಯಾಡ್ರಿ."

ಇಬ್ಬಿಬ್ಬರಾಗಿ ಅಭ್ಯಾಸ. ನನ್ನ ಜೋಡಿ ಮುಧೋಳದ ಒಬ್ಬ ನಿವೃತ್ತ ಮಾಸ್ತರ. ಆತ ನನ್ನ ಮಾತು ಕೇಳಬೇಕಿತ್ತು. ಏನಾದರೂ ಒಂದು ಹೇಳು ಅಂದರು, ಟೆಂಟಿನಲ್ಲಿ ಅಣ್ಣ ಎದೆ ಹಿಡಿದುಕೊಂಡು "ಗ್ಯಾಸ ಆಗೇತಿ, ಘೋಷಣಾ ನಿಲ್ಲಸಬ್ಯಾಡ" ಅಂದದ್ದು ಬಾಯಿಗೆ ಬಂತು. ಮಾಸ್ತರ ಕೂಡಲೇ ಶುಂಠಿ ರಸದ ಉಪಾಯ ಹೇಳಿದ. ನಕ್ಕೆ. ಆ ಸಂಗತಿ ಇಲ್ಲಿ ಬೇಡ.

ನವೆಂಬರ್ ೧೭, ಸೋಮವಾರ

ಕಲಿತದ್ದನ್ನು ಜಾರಿಗೆ ತಂದೆ. ವರದಿ ಇಲ್ಲಿದೆ.

ಸೋಮವ್ವ: "ನನಗ ಸಿಟ್ಟ ಬರತೈತಿ."

ನಾನು: "ನಿನಗ ಸಿಟ್ಟ ಬರತೈತಿ."

ಸೋಮವ್ವ: "ಹೂಂ. ನಿದ್ದಿನೂ ಹತ್ತೂದಿಲ್ಲ."

ನಾನು: "ನಿದ್ದಿ ಹತ್ತೂದಿಲ್ಲ ಅಂತ ಅನಸ್ತೈತಿ."

ಸೋಮವ್ವ: "ಅನಸೂದಲ್ಲಬೇ, ಹತ್ತೂದಿಲ್ಲ!"

ನಾನು: "ಹತ್ತೂದಿಲ್ಲ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ಮಗ ಶಿವಪುತ್ರನನ್ನು ಕೂಗಿದಳು. ಆತ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಮಲಗಿದ್ದ. "ಶಿವ್ಯಾ, ಈಕೀಗೆ ಏನೋ ಆಗೇತಿ ನೋಡೋ. ಜಮಖಂಡಿಗೆ ಹೋಗಿ ಗಿಣಿ ಆಗಿ ಬಂದಾಳ. ಒಂದ ಮೆಣಸಿನಕಾಯಿ ಕೊಡು."

ಆದರೆ ನಗುತ್ತಾ ಅಂದಳು. ಅಣ್ಣ ಹೋದ ಮೇಲೆ ಆಕೆ ನಕ್ಕದ್ದು ಇದೇ ಮೊದಲು ಅಂತ ಶಿವಪುತ್ರ ಬಾಗಿಲವರೆಗೆ ಬಂದು ಹೇಳಿದ.

ನವೆಂಬರ್ ೨೦, ಗುರುವಾರ

ಇವತ್ತು ಕೆಟ್ಟದಾಯಿತು.

ದೇವರ ಜಗುಲಿಯ ಬೀರೇಶ್ವರನ ಮುಂದೆ ಭಂಡಾರದ ಬಟ್ಟಲು ಇರುತ್ತದೆ. ಆ ಮನೆಯಲ್ಲಿ ಯಾರೇ ಹೊರಗೆ ಹೊರಟರೂ ಸೋಮವ್ವ ಅದರಿಂದ ಚಿಟಿಕೆ ಅರಿಶಿಣ ಹಣೆಗೆ ಹಚ್ಚುತ್ತಾಳೆ. ನನಗೂ ಹಚ್ಚಿದ್ದಾಳೆ, ದೇವರನ್ನು ನಂಬದವಳು ಅಂತ ಗೊತ್ತಿದ್ದೂ. ಇವತ್ತು ಆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಅವತ್ತ ಹಚ್ಚಲಿಲ್ಲಬೇ," ಅಂದಳು. "ಮುಂಜಾನೆ ದವಾಖಾನಿ ಸಲುವಾಗಿ ಜಗಳಾ ಆತು. ಬಾಗಲದಾಗ ನಿಂತು ಹಣಿ ಬಗ್ಗಸಿದ. ನಿನ್ನ ಹೋರಾಟದವರ ಕಡೆ ಹಚ್ಚಸ್ಕೊ ಹೋಗ ಅಂದೆ. ಹಂಗ ನಿಂತ, ಒಂದೀಟ. ಆಮ್ಯಾಲ ಹ್ವಾದ. ಭಂಡಾರ ಇಲ್ಲದ ಹಣೀಲೆ ಹ್ವಾದ. ನಾನ ಕೊಂದೆ."

ನಾನು ಏನಂದೆ? ಬರೆದುಕೊಳ್ಳುತ್ತೇನೆ, ಮುಂದೆ ಓದಿ ನಾಚಿಕೆಯಾಗಲಿ. ಮೂವತ್ತು ವರ್ಷ ಮೂಢನಂಬಿಕೆಯ ವಿರುದ್ಧ ಜಾಥಾ ಮಾಡಿದ ನಾಲಿಗೆ ಅದು. "ಅಕ್ಕಾ, ಅರಿಷಿಣ ಹಚ್ಚಿದರ ಹಾರ್ಟ ಅಟ್ಯಾಕ ನಿಂದರತೈತೇನ? ರಕ್ತನಾಳ ಬ್ಲಾಕ ಆಗಿತ್ತ. ಇದು ಬರೇ ಮೂಢನಂಬಿಕಿ. ನಿನ್ನ ತಪ್ಪ ಏನೂ ಇಲ್ಲ, ಅದನ್ನ ತಲಿಯಾಗಿಂದ ತಗದಬಿಡ."

ಒಂದು ಅಕ್ಷರವೂ ಸುಳ್ಳಲ್ಲ. ಆಕೆ ಬಟ್ಟಲನ್ನು ಜಗುಲಿಯ ಮೇಲಿಟ್ಟು, "ಹೂಂ. ನೀ ಶ್ಯಾಣ್ಯಾಕಿ," ಅಂದಳು.  ಹೊರಡುವಾಗ ನನ್ನ ಹಣೆಗೆ ಹಚ್ಚಲಿಲ್ಲ.

ನವೆಂಬರ್ ೨೧, ಶುಕ್ರವಾರ

ಶಿವಪುತ್ರ ಅಂಗಡಿಗೆ ಬಂದ. ಅವ್ವ ನಿನ್ನೆಯಿಂದ ಉಂಡಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, 'ನಾನೂ ಹೋಗಬೇಕಿತ್ತು' ಅಂತಾಳೆ. "ಮಾಯಾ ಅತ್ತಿ, ನೀ ಏನಂದಿ?" ಅಂತ ಕೇಳಿದ. ಬ್ಲೌಸಿನ ತೋಳು ಉಲ್ಟಾ ಹೊಲಿದುಬಿಟ್ಟೆ.

ಪ್ರಣೀತಾ ಅವರಿಗೆ ಫೋನು ಮಾಡಿದೆ. ಬೈಯುತ್ತಾರೆ ಅಂದುಕೊಂಡೆ. "ನಿಮಗ ಭಾಳ ಕಾಳಜಿ ಹತ್ಯದ, ಅಲ್ಲರಿ?" ಅಂದರು. ಕಣ್ಣು ಒರೆಸಿಕೊಂಡೆ. ಬಟ್ಟೆಯ ಧೂಳು, ಹೊಲಿಗೆ ಅಂಗಡಿ.

"ತಪ್ಪಿಲ್ಲ ಅಂತ ತೀರ್ಪು ಕೊಟ್ಟ್ರಿ, ಆದರ ಅವರು ಇನ್ನೂ ಹೇಳಿ ಮುಗಿಸಿದ್ದಿಲ್ಲ," ಅಂದರು. "ಭಂಡಾರ ಖರೇನೋ ಸುಳ್ಳೋ ಅಂತ ಈಗ ವಾದ ಬ್ಯಾಡ. ಅದು ಅವರ ಕೈಯಿಂದ ಅವರ ಗಂಡನ ಹಣಿಗೆ ಹೋಗೂ ದಾರಿ. ಅವತ್ತ ಆ ದಾರಿ ಕಟ್ಟಾತು. ಆ ಘಳಿಗಿ ಪೂರಾ ಹೇಳಲಿ. ತಪ್ಪು ಎಷ್ಟು, ಅಲ್ಲದ್ದು ಎಷ್ಟು ಅಂತ ಅವರ ತೂಗತಾರ, ತೂಕಕ್ಕ ನಿಮ್ಮ ಕೈ ಹಚ್ಚಬ್ಯಾಡ್ರಿ. ಮತ್ತ ಇನ್ನೊಂದು. 'ನಾನೂ ಹೋಗಬೇಕಿತ್ತು' ಅಂದಾರಲ್ಲ, ಅದನ್ನ ದಾಟಿ ಹೋಗಬ್ಯಾಡ್ರಿ. ಸಾಯೂ ವಿಚಾರ ಬರತದೇನು ಅಂತ ನೆಟ್ಟಗ ಕೇಳ್ರಿ."

"ಕೇಳಿದರ ಇಲ್ಲದ್ದ ವಿಚಾರ ತಲಿಯಾಗ ಹೋದೀತರಿ?"

"ಹೋಗೂದಿಲ್ಲ. ಕೇಳಿದ್ರ ಹಗರ ಆಗತದ. ಹೌದು ಅಂದ್ರ ಒಬ್ಬರನ ಬಿಡಬ್ಯಾಡ್ರಿ, ನನಗ ಆವಾಗ ಫೋನ್ ಮಾಡ್ರಿ. ದವಾಖಾನಿಗೆ ಕರಕೊಂಡು ಹೋಗೂಣು."

ಅಂಗಡಿಗೆ ಕೀಲಿ ಹಾಕಿ ನೇರ ಹೋದೆ. ಗೋಡೆಯ ಕಡೆ ತಿರುಗಿದ್ದ ಬೆನ್ನಿಗೆ ಕೇಳಿದೆ: "ಅಕ್ಕಾ, ಸಾಯಬೇಕು ಅಂತ ಅನಸಾಕತ್ತೈತೇನ?"

ಬೆನ್ನು ಮಾತಾಡಿತು. "ಸಾಯೂದಲ್ಲಬೇ. ಎಲ್ಲಾರೂ ಸುಮ್ಮನಾಗಲಿ ಅನಸ್ತೈತಿ."

"ಸಾಯೂ ವಿಚಾರ ಇಲ್ಲ?"

"ಇಲ್ಲ. ಶಿವ್ಯಾನ ಲಗ್ನ ಆಗಬೇಕಲ್ಲ."

 ಹೊರಡುವಾಗ ಶಿವಪುತ್ರನಿಗೆ ಹೇಳಿದೆ: ಅವ್ವನ ಮಾತು ಬದಲಾದರೆ ಯಾವ ಹೊತ್ತಾದರೂ ಫೋನು ಮಾಡು.

ನವೆಂಬರ್ ೨೪, ಸೋಮವಾರ

ಬಟ್ಟಲಿನ ಮಾತು ನಾನೇ ತೆಗೆದೆ. "ಅವತ್ತ ನೀ ಹೇಳಾಕತ್ತಿದ್ದಿ, ನಾ ನಡುವ ಬಾಯಿ ಹಾಕಿದೆ. ಅಂವ ಹಣಿ ಬಗ್ಗಸಿ ನಿಂತಿದ್ದ, ಅಲ್ಲಿಗೆ ನಿಲ್ಲಸಿದೆ. ಇನ್ನೂ ಹೇಳ ಅಕ್ಕಾ."

ಸಂಶಯದಿಂದ ನೋಡಿದಳು. ಬಾಯಲ್ಲಿ ಮತ್ತೇನು ಬಚ್ಚಿಟ್ಟುಕೊಂಡು ಬಂದಿದ್ದಾಳೆ ಅಂತ. ಆಮೇಲೆ ಶುರು ಮಾಡಿದಳು. ಹಂಡೆಯಲ್ಲಿ ನೀರು ಎಷ್ಟಿತ್ತು, ಯಾವ ಅಂಗಿ ಹಾಕಿದ್ದ, ಗುಂಡಿ ಹೋದ ಅಂಗಿ, ಹಚ್ಚಿಕೊಡು ಅಂದರೆ ಹಚ್ಚಿಕೊಟ್ಟಿರಲಿಲ್ಲ. ಬಾಗಿಲು. ಹಣೆ.

"ನನ್ನ ಮನಸಿನ್ಯಾಗ ಏನಿತ್ತಂತಿ? ಅಂವ ಸಾಯಬೇಕಂತ ಇರಲಿಲ್ಲಬೇ. ಬಗ್ಗಿದ ಹಣಿ ನೋಡಿ ಕೈ ಏಳಾಕತ್ತಿತ್ತು. ನಾ ಕೈ ಹಿಡಕೊಂಡೆ. ಇವತ್ತ ಇವನು ಸೋಲಲಿ ಅಂತ."

"ಕೈ ಏಳಾಕತ್ತಿತ್ತು," ಅಂದೆ.  

ಅತ್ತಳು. ನೀರು ಕೊಡಲೆ, ಬೆನ್ನು ತಟ್ಟಲೆ, ಸಾಕು ಅನ್ನಲೆ ಅಂತ ನನ್ನ ಕೈಗಳೇ ಎದ್ದವು. ಅವನ್ನು ತೊಡೆಯ ಕೆಳಗೆ ಹಾಕಿ ಕೂತೆ. ಧರಣಿಯಲ್ಲಿ ಇಷ್ಟು ಕಷ್ಟಪಟ್ಟು ಕೂತದ್ದಿಲ್ಲ.

"ನಾ ಹಚ್ಚಿದ್ದರ ಉಳೀತಿದ್ದ," ಅಂದಳು.

ರಕ್ತನಾಳದ ಮಾತು ನಾಲಿಗೆಗೆ ಬಂತು. ನುಂಗಿದೆ. "ಆ ಬಾಗಲಕ್ಕ ಹೊಳ್ಳಿ ಹೋಗಿ ಹಚ್ಚಿ ಬರಬೇಕು ಅನಸ್ತೈತಿ, ಅಲ್ಲ?"

"ದಿನಾ ಹೊಕ್ಕೇನಿ. ದಿನಾ ಹಚ್ಚತೇನಿ." ಮೂಗು ಒರೆಸಿಕೊಂಡಳು. "ಆಮ್ಯಾಲ ಅಂವ ದಿನಾ ಹೊಕ್ಕಾನ. ಹಚ್ಚಿದರೂ ಹೊಕ್ಕಾನಬೇ. ದವಾಖಾನಿಗೆ ಹೋಗು ಅಂದರ ಟೆಂಟಿಗೇ ಹೊಕ್ಕಾನ. ಕನಸಿನ್ಯಾಗೂ ನನ್ನ ಮಾತ ಕೇಳೂದಿಲ್ಲ ಹಲ್ಕಟ್ಟ."

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನೀ ಹೇಳಿದ್ದ ಕೇಳಲಿಲ್ಲ ಅಂತ ಸಿಟ್ಟು. ನೀ ಹಚ್ಚಲಿಲ್ಲ ಅಂತ ಸಂಕಟ."

"ಸಂಕಟ ಅಲ್ಲ. ನಾಚಿಕಿ." ತಿದ್ದಿದಳು. "ಅಂವ ಸೋತ ಅಂತ ಒಂದೀಟ ಖುಷಿ ಆಗಿತ್ತು ನನಗ ಅವತ್ತ. ಅದಕ್ಕ ನಾಚಿಕಿ."

"ನಾಚಿಕಿ," ಅಂದೆ.

ತಲೆಯಾಡಿಸಿದಳು.  ಆಮೇಲೆ ಎದ್ದು ಎರಡು ರೊಟ್ಟಿ ಬಡಿದಳು. ಒಂದು ನನಗೆ, ಒಂದು ತಾನು ತಿಂದಳು. ಕೆಂಪು ಖಾರ, ಎಣ್ಣೆ.

ಇವತ್ತು ನಾನು ಏನೂ ಕೆಲಸ ಮಾಡಲಿಲ್ಲ. ಭಾಷಣದ ತಯಾರಿಯ ಮಾತು ಎತ್ತುವುದೇ ಮರೆತುಹೋಯಿತು.

ನವೆಂಬರ್ ೨೮, ಶುಕ್ರವಾರ

ಅಣ್ಣಾಸಾಹೇಬ ಸೋಮವ್ವನ ಹೆಸರಿನಲ್ಲಿ ಭಾಷಣ ಬರೆಸಿ ತಂದಿದ್ದ. 'ನನ್ನ ಪತಿ ನನಗಷ್ಟೇ ಸೇರಿದವರಲ್ಲ' ಅಂತ ಶುರು. ಆಕೆಗೆ ಓದು ಬರುವುದಿಲ್ಲ, ನಾನು ಓದಿ ಹೇಳಿದೆ.

"ಪತಿ ಅಂದರ ಯಾರ?" ಅಂದಳು.

"ನಿನ್ನ ಗಂಡ."

"ಅಂವ ಬ್ಯಾರೇ ಅದಾನ ತಗೊ. ಇವನ ಗುರತ ನನಗಿಲ್ಲ."

ಬರುತ್ತೀಯೋ ಬಿಡುತ್ತೀಯೋ, ನಿನ್ನ ಇಷ್ಟ ಅಂದೆ. ಸಮಿತಿಯ ಠರಾವಿನಲ್ಲಿ 'ನಿನ್ನ ಇಷ್ಟ' ಅಂತ ಇರಲಿಲ್ಲ. ಆಕೆ ಬರುತ್ತೇನೆ ಅಂದಳು. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಭಾಷಣಕ್ಕೆ ಅಷ್ಟು ಒಳ್ಳೆಯ ಜಾಗ ಮತ್ತೆ ಸಿಗಲಿಕ್ಕಿಲ್ಲ.

ನವೆಂಬರ್ ೩೦, ಭಾನುವಾರ

ಮೈದಾನ ತುಂಬಿತ್ತು. ಅಣ್ಣನ ಫೋಟೋ ಆಳೆತ್ತರ. ಕೆಳಗೆ ಅಣ್ಣಾಸಾಹೇಬನ ಫೋಟೋ ಅರ್ಧ ಆಳೆತ್ತರ. ಒಬ್ಬರಾದ ಮೇಲೆ ಒಬ್ಬರು ಅಣ್ಣನನ್ನು ದೇವರ ಹತ್ತಿರಕ್ಕೆ ತಳ್ಳಿದರು. ನಾಲ್ಕನೆಯ ಭಾಷಣದ ಹೊತ್ತಿಗೆ ಅವನಿಗೆ ಎದೆನೋವು, ಹಟ, ಹೆಂಡತಿ ಯಾವುದೂ ಇರಲಿಲ್ಲ.

ಆಮೇಲೆ ಸೋಮವ್ವ. ಚೀಟಿ ತೆಗೆಯಲಿಲ್ಲ.

"ಎಲ್ಲಾರೂ ಛಲೋ ಛಲೋ ಅಂದ್ರಿ. ಛಲೋನ ಇದ್ದ. ಆದರ ನನಗ ಅವನ ಮ್ಯಾಲ ಸಿಟ್ಟೈತಿ."

 ಅಣ್ಣಾಸಾಹೇಬ ಮೈಮೇಲೆ ಬೆಂಕಿ ಬಿದ್ದವನಂತೆ ಎದ್ದು ಇನ್ನೊಂದು ಮೈಕು ಹಿಡಿದ.

"ಗಿರಮಲ್ಲಣ್ಣಾ...!"

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಹೆಸರು ಕೂಗುವವರು ಒಬ್ಬರು. ಉತ್ತರ ಎತ್ತುವವಳು ನಾನು. ನಾನು ಮುಷ್ಟಿ ಎತ್ತಿ 'ಅಮರ ರಹೇ' ಅಂದ ಮೇಲೆಯೇ ಮೈದಾನ ಹಿಂದೆ ಬರುವುದು. ಮೂವತ್ತು ವರ್ಷದ ರೂಢಿ. ಜನ ನನ್ನ ಕೈ ನೋಡಿದರು.

ಕೈ ತೊಡೆಯ ಕೆಳಗಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ.

"ಗಿರಮಲ್ಲಣ್ಣಾ!" ಅಂತ ಮತ್ತೆ ಕೂಗಿದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಉತ್ತರ ಅಷ್ಟೇ.

ನಾನು ಕೂತಲ್ಲಿಂದಲೇ, ಮೈಕಿಲ್ಲದೆ, ಅಂದೆ: "ಇನ್ನೂ ಹೇಳ ಅಕ್ಕಾ."

ಹೇಳಿದಳು. ಚೀಟಿ ಬರೆದುಕೊಟ್ಟ ಡಾಕ್ಟರು, ಬನಹಟ್ಟಿಯ ಸೀರೆ, ಭಂಡಾರ ಇಲ್ಲದ ಹಣೆ. "ನಾ ಕೈ ಹಿಡಕೊಂಡೆ. ಅಂವ ಮಾತ ತಪ್ಪಿದ. ಎರಡೂ ಖರೇನ. ಯಾರೂ ಅದನ್ನ ತೊಳಿಯಾಕ ಬರಬ್ಯಾಡ್ರಿ. ನಿಮ್ಮ ಮನ್ಯಾಗ ಎದಿನೋವ ಇದ್ದವರನ್ನ ನಾಳೆ ದವಾಖಾನಿಗೆ ಒಯ್ಯರಿ. ಹಂಗ ಸರಕಾರಕ್ಕ ಡಾಕ್ಟರನ್ನೂ ಕೇಳ್ರಿ. ಅಂವ ಕೇಳಾಕತ್ತಿದ್ದು ಅದನ." ಇಷ್ಟು ಹೇಳಿ ಇಳಿದಳು. ಚಪ್ಪಾಳೆ ಬೀಳಲಿಲ್ಲ. ಹೆಂಗಸರ ಸಾಲಿನಲ್ಲಿ ಅನಸವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸೋಮವ್ವ ಪಕ್ಕದಲ್ಲಿ ಬಂದು ಕೂತಾಗ ಆಕೆ ದೇವರ ಮಾತು ಹೇಳಲಿಲ್ಲ. ಜಾಗ ಬಿಟ್ಟು ಸರಿದಳು.

ಹೋರಾಟ ಸೊರಗಲಿಲ್ಲ. ಡಾಕ್ಟರ ಬೇಡಿಕೆಗೆ ಸಹಿ ಹಾಕುವವರ ಸಾಲು ಮೈದಾನದ ಗೇಟಿನವರೆಗೆ ಇತ್ತು. ಅಣ್ಣಾಸಾಹೇಬ ಆ ಸಾಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ.

ಡಿಸೆಂಬರ್ ೨, ಮಂಗಳವಾರ

ಪತ್ರಿಕೆಯಲ್ಲಿ ಬಂದಿದೆ: 'ಪತಿಯನ್ನು ನೆನೆದು ಕಂಬನಿ ಮಿಡಿದ ಪತ್ನಿ.' ಆಕೆ ಒಂದು ಹನಿಯೂ ಅಳಲಿಲ್ಲ. ಸೋಮವ್ವನಿಗೆ ಓದಿ ಹೇಳಿದೆ. "ಪತಿ ಬ್ಯಾರೇನ ಅಂದಿದ್ದಿಲ್ಲ ನಾ? ಪತ್ನಿನೂ ಬ್ಯಾರೇನ," ಅಂದಳು.

ಸಮಿತಿಯಿಂದ ನೋಟಿಸು ಬಂದಿದೆ. ಘೋಷಣೆಗೆ ಸ್ಪಂದಿಸದೆ ಶಿಸ್ತು ಮುರಿದದ್ದಕ್ಕೆ ಗುರುವಾರ ಮಧ್ಯಾಹ್ನ ಮೂರಕ್ಕೆ ಹಾಜರಾಗಿ ವಿವರಣೆ ಕೊಡಬೇಕಂತೆ. ಕೆಳಗೆ ಅಣ್ಣಾಸಾಹೇಬನ ಸಹಿ, 'ಪ್ರಭಾರಿ ಅಧ್ಯಕ್ಷ'. ಟವೆಲು ಒಣಗಿತು.

ನೋಟಿಸು ಓದಿ ಮುಗಿಸಿದಾಗ ಸೋಮವ್ವ ನಗಲಿಲ್ಲ. "ನೀ ಟೆಂಟಿನ್ಯಾಗ ಅವನ ಬಾಜೂಕ ಇದ್ದಿ, ಅಲ್ಲ?" ಅಂದಳು.

"ಇದ್ದೆ."

 ಆಕೆ ತೊಗರಿಯ ಮೊರ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿ ಕೂತಳು.

"ಗ್ಯಾಸ ಅಂದ," ಅಂದೆ. "ನನಗ ಸುಳ್ಳ ಹೇಳಿದ ಅಕ್ಕಾ. ಘೋಷಣಾ ನಿಲ್ಲಸಬ್ಯಾಡ ಅಂದ, ನಾ ಕೂಗಕೋತ ಹ್ವಾದೆ. ಅಂವ ನನ್ನ ಬೆನ್ನ ಹಿಂದ..." 

"ಸುಳ್ಳ ಹೇಳಿದ," ಅಂದಳು ಸೋಮವ್ವ. ಅವಳಿಗೆ ಯಾವ ತರಬೇತಿಯೂ ಆಗಿಲ್ಲ, ಜಿಲೇಬಿಯನ್ನೂ ತಿಂದಿಲ್ಲ. ಇಷ್ಟು ದಿನ ಕಂಡಕಂಡವರ ಸಮಾಧಾನ ತಿಂದಿದ್ದಳು, ಅದರ ರುಚಿ ಗೊತ್ತಿತ್ತು.

ನನಗೆ ಕಣ್ಣಿನಲ್ಲಿ ಏನೋ ಬಿತ್ತು. ಆ ಮನೆಯಲ್ಲಿ ಬಟ್ಟೆಯ ಧೂಳು ಇಲ್ಲ. ಒಲೆಯ ಹೊಗೆ ಇರಬೇಕು, ಗ್ಯಾಸು ಇದ್ದರೂ.

ಹೊತ್ತು ಇಳಿಯಿತು, ದೊಡ್ಡ ರಸ್ತೆಯವರೆಗೆ ನಡೆದು ಬಸ್ಸು ಹಿಡಿಯಲು ಹೊರಟೆ. ಬಾಗಿಲಲ್ಲಿ ಬಟ್ಟಲು ಹಿಡಿದು ಬಂದಳು. ನಾನು ದೇವರನ್ನು ನಂಬುವುದಿಲ್ಲ. ಹಣೆ ಬಗ್ಗಿಸಿದೆ. ಹಚ್ಚಿದಳು.

"ಇನ್ನೂ ಹೇಳೂದೈತಿ ನಿಂದು," ಅಂದಳು. "ಯಾವಾಗ ಬರತಿ?"

ಸಮಿತಿಗೆ ಉತ್ತರ ಬರೆದಿದ್ದೇನೆ: ಬೇರೆ ಸಭೆ ಇರುವುದರಿಂದ ಬರಲಾಗುವುದಿಲ್ಲ.

ಸಭೆ: ಗುರುವಾರ, ಡಿಸೆಂಬರ್ ೪, ಮಧ್ಯಾಹ್ನ ಮೂರು ಗಂಟೆ, ಸೋಮವ್ವನ ಪಡಸಾಲೆ.